ಡೌನ್‌ಲೋಡ್ಸ್‌ನಲ್ಲಿ ಸಿಕ್ಕ ಗೆರೆಗಳು

ಮಧುಗಿರಿಯ ಒಂದು ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ, ಕಿಟಕಿಯಿಂದ ಎರಡನೆಯ ಮಂಚದ ಕಾಲ್ದೆಸೆಯಲ್ಲಿ ನಾನು ನಿಂತಿದ್ದೆ. ಹೋದ ವರ್ಷದ ಚಳಿಗಾಲ, ಒಂದು ಭಾನುವಾರ, ತಿಂಡಿಯ ತಟ್ಟೆಗಳನ್ನು ಒಯ್ದ ಮೇಲಿನ ಹೊತ್ತು. ಮಂಚದ ಮೇಲೆ ನನ್ನ ಭಾವ ಮಲಗಿದ್ದರು. ಅವರ ತಲೆಯ ಹತ್ತಿರ, ಸ್ಟೂಲಿನ ಮೇಲೆ, ಅಕ್ಕ ಕೂತಿದ್ದಳು. ಬೆಳಗಿನ ಜಾವ ಕಳ್ಳಂಬೆಳ್ಳದ ಅವರ ಮನೆಯಲ್ಲಿ ಭಾವನಿಗೆ ಎದೆ ಹಿಡಿದಂತಾಯಿತು. ಮಧುಗಿರಿಯಲ್ಲಿ ನಾನಿದ್ದೇನೆಂಬ ಧೈರ್ಯಕ್ಕೆ ಅಕ್ಕ ಅವರನ್ನು ಕಾರಿನಲ್ಲಿ ಇಲ್ಲಿಗೇ ಕರೆತಂದಿದ್ದಳು.

ಡಾಕ್ಟರು ರಕ್ತ ಪರೀಕ್ಷೆಯನ್ನೂ ಇಸಿಜಿಯನ್ನೂ ಮಾಡಿಸಿ, ಇಸಿಜಿಯ ಕಾಗದವನ್ನು ಬೆಳಕಿಗೆ ಹಿಡಿದು, ಹಳೆಯದೊಂದು ಇದೆಯೇ ಎಂದು ಕೇಳಿದರು. ಇದರಲ್ಲಿ ಕಾಣುವ ಬದಲಾವಣೆ ಮೊದಲಿನಿಂದ ಇದ್ದದ್ದಾದರೆ ಸದ್ಯ ಇಲ್ಲೇ ಇಟ್ಟುಕೊಂಡು ನೋಡಬಹುದು. ಹೊಸದಾದರೆ ತಡಮಾಡದೆ ತುಮಕೂರಿಗೆ ಕಳಿಸಬೇಕು ಎಂದರು. ಹಾಗೆ ಹೇಳುತ್ತಲೇ ಆಂಬುಲೆನ್ಸ್ ಸಿದ್ಧವಿರಲೆಂದು ನರ್ಸಮ್ಮನಿಗೆ ಸೂಚಿಸಿದರು.

ಹಳೆಯದು ಇತ್ತು. ಎರಡು ತಿಂಗಳ ಹಿಂದೆ ಶಿರಾದ ಒಂದು ಲ್ಯಾಬಿನಲ್ಲಿ ಭಾವನಿಗೆ ಪರೀಕ್ಷೆ ಮಾಡಿಸಿದ್ದರು. ಲ್ಯಾಬಿನವರು ಕಾಗದ ಕೊಟ್ಟಿರಲಿಲ್ಲ. ಅಕ್ಕನ ಮೊಬೈಲಿಗೆ ಮೆಸೇಜಿನಲ್ಲಿ ಒಂದು ಲಿಂಕ್ ಕಳಿಸಿದ್ದರು. ಅಕ್ಕ ಮೆಸೇಜು ಹುಡುಕಿ, ಆ ನೀಲಿ ಅಕ್ಷರಗಳನ್ನು ಒತ್ತಿ, ಮೊಬೈಲನ್ನು ನನ್ನ ಕೈಗಿಟ್ಟಳು. ಬಂದದ್ದು ಬಿಳಿಯ ಪುಟ. ಲಿಂಕಿನ ಅವಧಿ ಮುಗಿದಿದೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. ಲ್ಯಾಬಿಗೆ ಫೋನು ಮಾಡಿದೆ. ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ.

"ಮೊನ್ನೆ ತಂಕ ಬತ್ತಿತ್ತು ಕಣಪ್ಪ" ಎಂದಳು ಅಕ್ಕ. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ನಾನು ಗ್ಯಾಲರಿ ತೆರೆದೆ. ಮೊಮ್ಮಗಳ ಫೋಟೋಗಳು, ಹುಣಸೆ ಮರದ ಫೋಟೋ, ಗೊರವನಹಳ್ಳಿಗೆ ಹೋದಾಗಿನವು. ವಾಟ್ಸಾಪ್ ತೆರೆದು ಒಂದೊಂದೇ ಹೆಸರಿನ ಒಳಗೆ ಹೋಗಿ ಬಂದೆ. ಅಲ್ಲಿ ಇರುವುದು ಸಾಧ್ಯವಿರಲಿಲ್ಲ. ಅಲ್ಲಿಗೆ ಯಾರೂ ಕಳಿಸಿಯೇ ಇರಲಿಲ್ಲ. ಗಾಬರಿಯಲ್ಲಿ ಅಷ್ಟೂ ಹೊಳೆಯಲಿಲ್ಲ.

ಪಕ್ಕದ ಮಂಚದಲ್ಲಿ ಶಿರಾದ ಬಳೆ ವ್ಯಾಪಾರಿ, ವಯಸ್ಸಾದ ಸಾಹೇಬರೊಬ್ಬರು, ಎದ್ದು ಕೂತು ನಮ್ಮನ್ನೇ ನೋಡುತ್ತಿದ್ದರು. "ಅದು ಬಂದಾಗ ಓಪನ್ ಅಂತ ಏನಾದ್ರೂ ಒತ್ತಿದ್ರಾ ಬೆಹೆನ್?" ಎಂದು ಕೇಳಿದರು. ಅಕ್ಕ ತಲೆಯಾಡಿಸಿದಳು. ಲಿಂಕ್ ಒತ್ತಿದರೆ ಮೊದಲು ಏನೋ ಕೇಳುತ್ತಿತ್ತಂತೆ, ಅವಳು ಹೂಂ ಎನ್ನುವ ಕಡೆ ಒತ್ತುತ್ತಿದ್ದಳಂತೆ, ಆಮೇಲೆ ಕೆಳಗೆ ಓಪನ್ ಅಂತ ಬರುತ್ತಿತ್ತಂತೆ.

ಕಣ್ಣು ಮುಚ್ಚಿ ಮಲಗಿದ್ದ ಭಾವ ಮಾತಾಡಿದ್ದು ಆಗ. "ಅಂಗಾದ್ರೆ ಎಲ್ಲೂ ಓಗಿಲ್ಲ ಬುಡು. ಫೈಲ್ಸ್ ಅಂತ ಐತೆ ನೋಡು. ಅದ್ರಾಗೆ ಡೌನ್‌ಲೋಡ್ಸ್. ನನ್ನ ಜಮೀನಿನ ಪಾಣಿನೂ ಇಂಗೇ ಕಳೆದೋಗಿತ್ತು, ಅಲ್ಲೇ ಕೂತಿತ್ತು."

ಫೈಲ್ಸ್ ತೆರೆದು ಡೌನ್‌ಲೋಡ್ಸ್ ಒತ್ತಿದೆ. ರಿಪೋರ್ಟು ಅಲ್ಲಿತ್ತು. ಒಂದಲ್ಲ. ಅದೇ ಹೆಸರು, ಮುಂದೆ ಆವರಣ ಚಿಹ್ನೆಯೊಳಗೆ ಒಂದು ಎಂಬ ಅಂಕಿ, ಅದೇ ಹೆಸರು, ಎರಡು, ಮೂರು. ಬೆರಳಿನಿಂದ ಮೇಲಕ್ಕೆ ಸರಿಸಿದಷ್ಟೂ ಅದೇ ಬರುತ್ತಿತ್ತು. ಪ್ರತಿಯೊಂದರ ಕೆಳಗೂ ತಾರೀಖು. ಬಿಟ್ಟ ದಿನಗಳು ಕಡಿಮೆ. ನರ್ಸಮ್ಮನೂ ಸಾಹೇಬರೂ ಬಗ್ಗಿ ನೋಡಿದರು.

ಒಂದನ್ನು ತೆರೆದೆ. ಮೊದಲ ಪುಟದಲ್ಲಿ ಅಕ್ಷರ, ಎರಡನೆಯದರಲ್ಲಿ ಗುಲಾಬಿ ಚೌಕಗಳ ಮೇಲೆ ಭಾವನ ಇಸಿಜಿ. ನರ್ಸಮ್ಮ ಅದನ್ನು ತನ್ನ ಮೊಬೈಲಿಗೆ ಶೇರ್ ಮಾಡಿಸಿಕೊಂಡು ಡಾಕ್ಟರ ಕೋಣೆಗೆ ಓಡಿದಳು.

ಭಾವ ಕೈ ಚಾಚಿ ಮೊಬೈಲು ತೆಗೆದುಕೊಂಡರು. ಪಟ್ಟಿಯನ್ನು ಕೆಳಗಿನ ತುದಿಯವರೆಗೂ ಸರಿಸಿದರು.

"ಲೇ, ಏನೇ ಇದು? ನಿಂಗೆ ಇಂಗ್ಲಿಷ್ ಯಾವಾಗ ಬಂತು?"

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಓದಾಕಲ್ಲ. ನೀವು ಮಲಗಿದ್ ಮ್ಯಾಲೆ ತೆಗೆದು ನೋಡ್ತಿದ್ದೆ. ಆ ಗೆರೆ ಮೇಲಕ್ಕೂ ಕೆಳಕ್ಕೂ ಓಗ್ತೈತಲ್ಲ. ಎಲ್ಲೂ ನಿಂತಿಲ್ಲ ಅಂತ ನೋಡ್ಕಂಡ್ರೆ ನಿದ್ದೆ ಬತ್ತಿತ್ತು."

ಅದು ಎರಡು ತಿಂಗಳ ಹಿಂದಿನ ಗೆರೆ. ಆ ಎರಡು ತಿಂಗಳೂ ಭಾವ ಎದೆ ನೋವಿಲ್ಲವೆಂದು ಅವಳಿಗೆ ಹೇಳುತ್ತಿದ್ದರು, ಅವಳು ಭಯವಿಲ್ಲವೆಂದು ಅವರಿಗೆ ಹೇಳುತ್ತಿದ್ದಳು. ಸಾಹೇಬರು ಗೋಡೆಯ ಕಡೆ ಹೊರಳಿ ಮಲಗಿದರು.

ಡಾಕ್ಟರು ಎರಡನ್ನೂ ಜೊತೆಗಿಟ್ಟು ನೋಡಿ ಬಂದು, ಹಳೆಯದರಲ್ಲೂ ಇದೇ ಇದೆ, ಸದ್ಯಕ್ಕೆ ಇಲ್ಲೇ ಇರಲಿ, ರಕ್ತ ಪರೀಕ್ಷೆಯನ್ನು ಮಾತ್ರ ಮತ್ತೊಮ್ಮೆ ಮಾಡೋಣ ಎಂದರು. ಆಂಬುಲೆನ್ಸ್ ಹೋಗಲಿಲ್ಲ. ಮೂರನೆಯ ದಿನ ಮನೆಗೆ ಕಳಿಸಿದರು.

ಆಸ್ಪತ್ರೆಯಲ್ಲಿದ್ದಾಗಲೇ, ಒಂದು ಇಟ್ಟುಕೊಂಡು ಮಿಕ್ಕವನ್ನು ಅಳಿಸಿಬಿಡಲೇ ಎಂದು ನಾನು ಕೇಳಿದ್ದೆ. ಅಕ್ಕ ಆಗಲಿ ಎಂದಳು. "ಇರ್ಲಿ ಬುಡು, ಅದೇನು ಅನ್ನ ಕೇಳ್ತೈತಾ" ಎಂದು ಭಾವ ಮೊಬೈಲನ್ನು ದಿಂಬಿನ ಕೆಳಗೆ ಇಟ್ಟುಕೊಂಡರು.

ಆ ಪಟ್ಟಿಯನ್ನು ನಾನಲ್ಲದೆ ಕಂಡವರು ನಾಲ್ವರು. ನರ್ಸಮ್ಮ ಈಗ ಪಾವಗಡದಲ್ಲಿದ್ದಾಳೆ. ಬಳೆ ಸಾಹೇಬರು ಶಿರಾದಲ್ಲಿ ಅಂಗಡಿಯಲ್ಲಿ ಕೂರುತ್ತಾರೆ. ಅಕ್ಕ ಹೋದರೆ ಬಳೆ ತೊಡಿಸುವ ಮೊದಲು ಭಾವನ ಎದೆ ಹೇಗಿದೆ ಎಂದು ಕೇಳುತ್ತಾರಂತೆ. ಅಕ್ಕ ಇದ್ದಾಳೆ. ಭಾವ ಇದ್ದಾರೆ.