ಹತ್ತು ಕೆಟಲಿನ ರುಚಿ

ಆ ಮುದ್ರಣಾಲಯದಲ್ಲಿ ಅಕ್ಕ ಅಂದರೆ ಒಬ್ಬಳೇ. ಮಾಲೀಕರಿಂದ ಹಿಡಿದು ಕಾಗದ ಹೊರುವವರವರೆಗೆ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಇಂಕ್ ಮೇಸ್ತ್ರಿ ಕೂಡ. ಹಿಂಭಾಗದ ಉದ್ದನೆಯ ಕೋಣೆಯಲ್ಲಿ ಎರಡು ಒಲೆ, ಒಂದು ನಲ್ಲಿ, ನಲವತ್ತು ಗ್ಲಾಸು ಹಿಡಿಯುವ ಅಲ್ಯೂಮಿನಿಯಂ ಕೆಟಲುಗಳು. ಇಪ್ಪತ್ತೆರಡು ವರ್ಷದಿಂದ ಅದೇ ಅವಳ ರಾಜ್ಯ. ಬೆಳಗ್ಗೆ ಮೂರು ಕೆಟಲ್ ಟೀ, ಹನ್ನೊಂದಕ್ಕೆ ಎರಡು ಕೆಟಲ್ ಕಾಫಿ, ಮೂರು ಗಂಟೆಗೆ ಮತ್ತೆ ಮೂರು ಟೀ, ಐದಕ್ಕೆ ಪಾಳಿ ಬದಲಾಗುವಾಗ ಎರಡು. ಒಟ್ಟು ಹತ್ತು. ಯಂತ್ರ ನಿಂತರೂ ನಿಲ್ಲಬಹುದು, ಅಕ್ಕನ ಕೆಟಲ್ ನಿಲ್ಲುತ್ತಿರಲಿಲ್ಲ.

ಈಚೆಗೆ ಎರಡು ವರ್ಷದಿಂದ ಅವಳ ಕಣ್ಣು ಕೈಕೊಟ್ಟಿತ್ತು. ಎರಡೂ ಕಣ್ಣಿಗೆ ಪೊರೆ, ಬಲಗಣ್ಣಿಗೆ ಹೆಚ್ಚು. ಮೊದಮೊದಲು ಹಬೆ ಕವಿದಿದೆ ಅಂದುಕೊಂಡು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಎಷ್ಟು ಒರೆಸಿದರೂ ಹೋಗದ ಹಬೆ ಅದು. ಹಾಲು ಉಕ್ಕಿ ಎರಡು ಸಲ ಒಲೆ ಆರಿತು. ಮೂರನೆಯ ಸಲ ಕುದಿಯುವ ಡಿಕಾಕ್ಷನ್ ಕೈಮೇಲೆ ಬಿತ್ತು. ಮ್ಯಾನೇಜರ್ ಸಾಹೇಬರು ಕೆಟ್ಟವರಲ್ಲ, ಆದರೆ ಮಾತನ್ನು ನೇರವಾಗಿ ಆಡುವ ಮನುಷ್ಯ.

"ಅಕ್ಕಾ, ಆಪರೇಷನ್ ಮಾಡಿಸ್ಕೊಂಡು ಬನ್ನಿ, ನಿಮ್ಮ ಒಲೆ ನಿಮ್ಮದೇ. ಇಲ್ಲಾಂದ್ರೆ ನಾನು ಟೀ ಮೆಷಿನ್ ತರಿಸ್ಲೇಬೇಕಾಗುತ್ತೆ. ಯಾರಾದ್ರೂ ಸುಟ್ಕೊಂಡ್ರೆ ಜವಾಬ್ದಾರಿ ಯಾರದ್ದು?"

ಅಕ್ಕ ಆಸ್ಪತ್ರೆಗೆ ಹೋದಳು. ದಿನ ಗೊತ್ತಾಯಿತು. ಆ ದಿನ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಇನ್ನೂರ ಎಂಬತ್ತಾರು. ಇನ್ನೂರರ ಒಳಗೆ ಬರುವ ತನಕ ಕಣ್ಣು ಮುಟ್ಟುವುದಿಲ್ಲ ಎಂದು ಡಾಕ್ಟರು ಆರು ವಾರದ ಆಚೆಗೆ ಇನ್ನೊಂದು ದಿನ ಬರೆದುಕೊಟ್ಟು, ಪಥ್ಯ ಹೇಳುವ ಮೇಡಂ ಹತ್ತಿರ ಕಳಿಸಿದರು.

ಮೇಡಮ್ಮಿನ ಕೋಣೆಯಲ್ಲಿ ಮೇಜಿನ ತುಂಬ ಪ್ಲಾಸ್ಟಿಕ್ ಹಣ್ಣು, ಪ್ಲಾಸ್ಟಿಕ್ ಅನ್ನ. ಅಕ್ಕನ ಜೊತೆ ಮಗಳೂ ಬಂದಿದ್ದಳು. ಹೋದ ತಿಂಗಳಿಂದ ಅಮ್ಮ ರಾತ್ರಿಯ ಒಂದು ಬಟ್ಟಲು ಅನ್ನವನ್ನೇ ಬಿಟ್ಟಿದ್ದಾಳೆ, ಸಿಹಿ ಮುಟ್ಟುವುದಿಲ್ಲ, ಮಾತ್ರೆ ಒಂದು ಹೊತ್ತೂ ತಪ್ಪಿಸಿಲ್ಲ, ಹಸಿವಿನಲ್ಲಿ ಮುಖವೇ ಬಾಡಿಹೋಗಿದೆ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದಳು.

"ಟೀ, ಕಾಫಿ ದಿನಕ್ಕೆ ಎಷ್ಟು ಕುಡೀತೀರಮ್ಮ?" ಮೇಡಂ ಕೇಳಿದರು.

"ಎರಡೇ. ಬೆಳಗ್ಗೆ ಎದ್ದಾಗೊಂದು, ಸಾಯಂಕಾಲ ಮನೆಗೆ ಬಂದ್ಮೇಲೊಂದು." ಅಕ್ಕ ಸುಳ್ಳು ಹೇಳುವ ಜಾಯಮಾನದವಳಲ್ಲ. ಇದನ್ನೂ ಎದೆ ತಟ್ಟಿ ಹೇಳಿದಳು.

ಮೇಡಂ ಪೆನ್ನು ಕೆಳಗಿಟ್ಟರು. "ಏನು ಕೆಲಸ ಮಾಡ್ತೀರಿ?"

"ಪ್ರೆಸ್ಸಲ್ಲಿ ಟೀ ಮಾಡ್ತೀನಿ. ನೂರಿಪ್ಪತ್ತು ಜನಕ್ಕೆ."

"ಮಾಡಿದ್ಮೇಲೆ ರುಚಿ ನೋಡ್ತೀರಾ?"

"ನೋಡ್ದೆ ಹೇಗೆ ಕೊಡೋದು ಮೇಡಂ? ಸಕ್ಕರೆ ಹಾಕಿ ಒಂದ್ಸಲ ನೋಡ್ತೀನಿ. ಹೆಚ್ಚುಕಮ್ಮಿ ಸರಿ ಮಾಡಿ ಇನ್ನೊಂದ್ಸಲ. ಅರ್ಧರ್ಧ ಗ್ಲಾಸು ಅಷ್ಟೆ."

"ಅದನ್ನ ಲೆಕ್ಕಕ್ಕೆ ಸೇರಿಸಿಲ್ವಲ್ಲ?"

"ಅದು ಕುಡಿಯೋದಲ್ಲ ಮೇಡಂ, ಅದು ಕೆಲಸ!"

ಮಗಳು ಅಮ್ಮನ ಮುಖವನ್ನೇ ನೋಡಿದಳು. ಮೇಡಂ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಎರಡು ಕೆಲಸ ಕೊಟ್ಟರು. ನಾಳೆ ಎಂದಿನ ಹಾಗೆ ರುಚಿ ನೋಡಿ, ಪ್ರತಿ ಸಲ ಬಾಯಿಗೆ ಎಷ್ಟು ಹೋಯಿತೋ ಅಷ್ಟನ್ನೇ ಒಂದು ಬಾಟಲಿಗೂ ಹಾಕಿ. ಒಂದು ಕೆಟಲಿಗೆ ಹಾಲೆಷ್ಟು, ಸಕ್ಕರೆ ಎಷ್ಟು ಎಂದು ಅಳೆದುಕೊಂಡು ಬನ್ನಿ.

ಮಾರನೆಯ ದಿನ ಅಕ್ಕ ಒಂದು ಲೀಟರಿನ ಖಾಲಿ ಬಾಟಲಿಯನ್ನು ಒಲೆಯ ಪಕ್ಕ ಇಟ್ಟುಕೊಂಡಳು. ಮೇಡಮ್ಮಿಗೆ ಬುದ್ಧಿ ಕಲಿಸಬೇಕು, ತಳ ಮುಚ್ಚುವಷ್ಟೂ ಆಗುವುದಿಲ್ಲ ಎಂಬುದು ಅವಳ ಹಟ. ಬೆಳಗಿನ ಮೂರು ಕೆಟಲಿಗೇ ತಳ ಮುಚ್ಚಿ ಮೇಲೆ ಬಂತು. ಕಾಫಿ ಮುಗಿದಾಗ ಅರ್ಧ. ಐದು ಗಂಟೆಯ ಕೊನೆಯ ಅರ್ಧ ಗ್ಲಾಸು ಸುರಿದಾಗ ಬಾಟಲಿಯ ಕತ್ತಿನವರೆಗೆ ಬಂದು ನಿಂತಿತು. ಅಕ್ಕ ಅದನ್ನು ಕೈಯಲ್ಲಿ ಎತ್ತಿ ತೂಗಿ ನೋಡಿದಳು. ಒಂದು ದಿನಕ್ಕೆ ಇಷ್ಟು! ಅವಳಿಗೆ ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು, ಬಾಟಲಿಯ ಮೇಲೆ.

ಸಕ್ಕರೆಯದ್ದು ಇನ್ನೊಂದು ಕಥೆ. "ನಾಲ್ಕು ಹಿಡಿ, ಮೇಲೊಂದು ಚಿಟಿಕೆ" ಎನ್ನುವುದು ಅವಳ ಅಳತೆ. ಹಿಡಿಗೆ ತೂಕ ಎಷ್ಟು ಎಂದು ತಿಳಿಯಲು ತಕ್ಕಡಿ ಬೇಕು. ಇಡೀ ಪ್ರೆಸ್ಸಿನಲ್ಲಿ ಗ್ರಾಂ ತೋರಿಸುವ ತಕ್ಕಡಿ ಇದ್ದದ್ದು ಇಂಕ್ ಮೇಸ್ತ್ರಿಯ ಹತ್ತಿರ ಮಾತ್ರ. ಅವನು ಬಣ್ಣ ಬೆರೆಸುವ ಮನುಷ್ಯ. ಗಿರಾಕಿ ಕೊಟ್ಟ ಮಾದರಿ ಚೂರಿನ ಬಣ್ಣಕ್ಕೆ ಸರಿಯಾಗಿ ಶಾಯಿ ಹೊಂದಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ತಕ್ಕಡಿಯ ಮೇಲೆ ಕಾಗದ ಹಾಸಿ ನಾಲ್ಕು ಹಿಡಿ ಸುರಿದರೆ ಮುನ್ನೂರ ಇಪ್ಪತ್ತು ಗ್ರಾಂ.

"ಗ್ಲಾಸಿಗೆ ಎಂಟು ಗ್ರಾಂ ಬಿತ್ತಕ್ಕ," ಎಂದ ಮೇಸ್ತ್ರಿ. ಕಥೆಯೆಲ್ಲ ಕೇಳಿದ ಮೇಲೆ ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದ. "ಅಲ್ಲಕ್ಕಾ, ನಾನು ದಿನಾ ಹತ್ತು ಡಬ್ಬ ಶಾಯಿ ಬೆರೆಸ್ತೀನಿ. ಒಂದು ದಿನಾನಾದ್ರೂ ನೆಕ್ಕಿ ನೋಡಿದ್ದೀನಾ?"

ಅಕ್ಕನಿಗೆ ನಗು ಬರಲಿಲ್ಲ, ಆದರೆ ಮಾತು ಒಳಗೆ ಹೋಗಿ ಕೂತಿತು.

"ನೀನು ಮೊದಲು ಇಷ್ಟೆಲ್ಲಾ ಕುಡೀತಿರ್ಲಿಲ್ಲ," ಎಂದು ಅವನೇ ಮುಂದುವರಿಸಿದ. "ಸೌಟು ಎತ್ತಿ ಬೆಳಕಿಗೆ ಹಿಡಿದು ಬಣ್ಣ ನೋಡ್ತಿದ್ದೆ. ಹಾಲು ಸಾಲ್ದು, ಟೀ ಸೊಪ್ಪು ಸಾಲ್ದು ಅಂತ ಅಲ್ಲೇ ಹೇಳ್ತಿದ್ದೆ. ಬಾಯಿಗೆ ಇಡ್ತಿದ್ದದ್ದು ಕೊನೇಲಿ ಒಂದು ಚಮಚ."

ಹೌದಲ್ಲ. ಕಣ್ಣು ಮಸುಕಾದಾಗಿನಿಂದ ಅವಳಿಗೆ ಟೀ, ಕಾಫಿ ಎಲ್ಲ ಒಂದೇ ಕೆಸರು ಬಣ್ಣ. ಕಣ್ಣು ಮಾಡುತ್ತಿದ್ದ ಕೆಲಸವನ್ನು ನಾಲಿಗೆಗೆ ವಹಿಸಿದ್ದಳು. ನಾಲಿಗೆ ಕುಡಿದದ್ದು ಸಕ್ಕರೆಯಾಗಿ ರಕ್ತಕ್ಕೆ ಏರಿತು, ಆ ಸಕ್ಕರೆಯಿಂದಾಗಿಯೇ ಕಣ್ಣಿನ ಆಪರೇಷನ್ ನಿಂತಿತು. ಎರಡು ವರ್ಷದಿಂದ ತನ್ನ ದಾರಿಗೆ ತಾನೇ ಅಡ್ಡ ನಿಂತಿದ್ದೆ ಎಂದು ಅವಳಿಗೆ ಆ ತಕ್ಕಡಿಯ ಮುಂದೆ ಹೊಳೆಯಿತು.

ಮಗಳ ಜೊತೆ ಮತ್ತೆ ಆಸ್ಪತ್ರೆಗೆ ಹೋಗಿ ಮೇಡಂ ಮುಂದೆ ಬಾಟಲಿಯನ್ನೇ ಇಟ್ಟಳು. ಅವರು ಕಾಗದದ ಮೇಲೆ ಬರೆಯುತ್ತಾ ಹೇಳಿದರು: "ಒಂದು ಗ್ಲಾಸಲ್ಲಿ ಅರ್ಧ ಹಾಲು, ಎಂಟು ಗ್ರಾಂ ಸಕ್ಕರೆ. ಸಕ್ಕರೆಯಿಂದ ಎಂಟು ಗ್ರಾಂ ಕಾರ್ಬೋಹೈಡ್ರೇಟು, ಹಾಲಲ್ಲೇ ಇರೋದು ಎರಡೂವರೆ. ಹತ್ತೂವರೆ ಆಯ್ತು. ಕ್ಯಾಲೊರಿ ಸುಮಾರು ಅರವತ್ತೈದು. ಒಂದು ಗ್ಲಾಸಿಗೆ ಇದೇನೂ ದೊಡ್ಡದಲ್ಲ. ಆದ್ರೆ ನಿಮ್ಮ ಬಾಟಲೀಲಿ ಹತ್ತು ಗ್ಲಾಸಿದೆ. ನೂರ ಐದು ಗ್ರಾಂ, ಆರುನೂರ ಐವತ್ತು ಕ್ಯಾಲೊರಿ. ಕಾಫೀಲಿ ಹಾಲು ಜಾಸ್ತಿ, ಇನ್ನೊಂಚೂರು ಮೇಲೇನೇ. ಮನೆ ಎರಡು ಕಪ್ಪು ಬೇರೆ."

"ಅನ್ನದ ಲೆಕ್ಕದಲ್ಲಿ ಹೇಳಿ ಮೇಡಂ," ಎಂದಳು ಅಕ್ಕ.

"ಒಂದು ಬಟ್ಟಲು ಅನ್ನ ಅಂದ್ರೆ ನಲವತ್ತೈದು ಗ್ರಾಂ, ಇನ್ನೂರು ಕ್ಯಾಲೊರಿ. ನೀವು ಬಿಟ್ಟದ್ದು ಒಂದು ಬಟ್ಟಲು. ರುಚಿ ನೋಡಿ ಕುಡಿದದ್ದು ಕಾರ್ಬೋಹೈಡ್ರೇಟಲ್ಲಿ ಎರಡು ಬಟ್ಟಲಿಗೂ ಜಾಸ್ತಿ, ಕ್ಯಾಲೊರೀಲಿ ಮೂರು ಬಟ್ಟಲಿಗೂ ಜಾಸ್ತಿ. ಅದೂ ಬೆಳಗ್ಗಿಂದ ಸಾಯಂಕಾಲದವರೆಗೆ ನಾಲ್ಕು ಸಲ. ಸಕ್ಕರೆ ಇಳಿಯೋಕೆ ಪುರುಸೊತ್ತೇ ಇಲ್ಲ."

ಹಸಿದು ಮಲಗಿದ ರಾತ್ರಿಗಳೆಲ್ಲ ಅಕ್ಕನ ಕಣ್ಣಮುಂದೆ ಬಂದವು. ಎಲ್ಲ ನೀರಿನಲ್ಲಿ ಹೋಮ!

ಮೇಡಂ ರಾತ್ರಿಯ ಅನ್ನದಲ್ಲಿ ಅರ್ಧ ಬಟ್ಟಲು ವಾಪಸ್ ಕೊಟ್ಟರು, ತರಕಾರಿ, ಬೇಳೆ ಜೊತೆಗೆ. ಮನೆಯ ಎರಡು ಕಪ್ಪು ಇರಲಿ, ಸಕ್ಕರೆ ಬೇಡ. ಹಾಲಿನದು ಸ್ವಲ್ಪ ಇದ್ದೇ ಇರುತ್ತದೆ, ಅಷ್ಟಕ್ಕೆ ಹೆದರಬೇಡಿ ಎಂದರು. ಮಾತ್ರೆ ಬಿಡಬಾರದು, ಇಷ್ಟು ಸಕ್ಕರೆ ಒಮ್ಮೆಲೇ ಕಡಿಮೆಯಾದಾಗ ಕೈ ನಡುಗಿದರೆ, ಬೆವತು ತಲೆ ಸುತ್ತಿದರೆ ತಕ್ಷಣ ಬಂದು ತೋರಿಸಬೇಕು ಎಂದು ಮಗಳಿಗೂ ಸೇರಿಸಿ ಎಚ್ಚರಿಸಿದರು.

"ಕೆಟಲಿನ ಕಥೆ?" ಎಂದು ಕೇಳಿದಳು ಮಗಳು.

"ಅದು ನನಗೆ ಬಿಡು," ಎಂದಳು ಅಕ್ಕ.

ಅವತ್ತಿನಿಂದ ಅವಳು ಹಿಡಿಯನ್ನು ಬಿಟ್ಟು ತೂಕಕ್ಕೆ ಬಂದಳು. ಮುನ್ನೂರ ಇಪ್ಪತ್ತು ಗ್ರಾಮಿನ ಹತ್ತು ಪೊಟ್ಟಣಗಳನ್ನು ಮೇಸ್ತ್ರಿಯ ತಕ್ಕಡಿಯಲ್ಲಿ ತೂಗಿಸಿ ಬೆಳಗ್ಗೆಯೇ ಕಟ್ಟಿಡುತ್ತಿದ್ದಳು. ಹಾಲಿಗೆ ಒಂದು ಗೀಟು, ನೀರಿಗೆ ಒಂದು ಗೀಟು, ಪಾತ್ರೆಯ ಒಳಗೆ ಕೈಗೆ ತಟ್ಟುವಷ್ಟು ಆಳವಾಗಿ ಮೊಳೆಯಲ್ಲಿ ಕೊರೆಸಿದಳು. ಮೊದಲ ವಾರ ಸೊಪ್ಪಿನ ಅಳತೆ ಕೂಡಿ ಬರಲಿಲ್ಲ. ಬೈಂಡಿಂಗಿನವರು ಮುಖ ಸಿಂಡರಿಸಿದರು. "ಇವತ್ತು ಟೀಗೆ ಏನಾಯ್ತಕ್ಕಾ? ಮುನಿಸಿಕೊಂಡಿದೆಯಾ?" ಎಂದು ಒಬ್ಬ ಕಿಚಾಯಿಸಿದ. ಇಪ್ಪತ್ತೆರಡು ವರ್ಷದಲ್ಲಿ ಅವಳ ಟೀಯಲ್ಲಿ ಕೊಂಕು ತೆಗೆದವರಿರಲಿಲ್ಲ. ಆ ಕ್ಷಣ ಅರ್ಧ ಗ್ಲಾಸು ಬಗ್ಗಿಸಿ ಬಾಯಿಗೆ ಇಡಲು ಕೈ ತಾನಾಗಿಯೇ ಹೋಯಿತು. ಅಕ್ಕ ಆ ಗ್ಲಾಸನ್ನು ತೊಳೆದು, ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿಬಿಟ್ಟಳು.

"ನಿಂಗೆ ರುಚಿ ಹತ್ತದಿದ್ರೆ ನೀನೇ ಬಂದು ಹೇಳು, ಹೆಚ್ಚೋ ಕಮ್ಮಿಯೋ. ನಾನು ಕುಡಿಯಲ್ಲ," ಎಂದು ಖಡಾಖಂಡಿತವಾಗಿ ಹೇಳಿದಳು. ಅವರು ಹೇಳಿದ ಹಾಗೆ ಸೊಪ್ಪನ್ನು ಹತ್ತು ಗ್ರಾಂ ಏರಿಸಿದಳು, ಐದು ಇಳಿಸಿದಳು. ಎರಡನೆಯ ವಾರದ ಕೊನೆಗೆ ದೂರುಗಳು ನಿಂತವು. ಮೂರನೆಯ ವಾರ ಒಂದು ಮಧ್ಯಾಹ್ನ ಕೈ ನಡುಗಿತು. ಅವಳು ಹಟ ಹಿಡಿಯದೆ ಆಸ್ಪತ್ರೆಗೆ ಹೋದಳು, ಡಾಕ್ಟರು ಮಾತ್ರೆ ಒಂದನ್ನು ಕಡಿಮೆ ಮಾಡಿದರು.

ಮೇಸ್ತ್ರಿ ಒಂದು ದಿನ ಅಂಗೈಯಗಲದ ಕಾರ್ಡೊಂದನ್ನು ತಂದುಕೊಟ್ಟ. ಬೈಂಡಿಂಗಿನವರೆಲ್ಲ ಮೆಚ್ಚಿದ ಒಂದು ಗ್ಲಾಸು ಟೀಯನ್ನು ಮುಂದಿಟ್ಟುಕೊಂಡು, ಆ ಬಣ್ಣಕ್ಕೆ ಶಾಯಿ ಬೆರೆಸಿ ಅಚ್ಚು ಹಾಕಿದ್ದ. ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಕೆಸರು ಕಾಣ್ಸುತ್ತೆ ಮೇಸ್ತ್ರಿ," ಎಂದಳು.

"ಇರ್ಲಿ ಬಿಡು. ಇಟ್ಕೊಂಡಿರು," ಎಂದು ಅವನು ಗೋಡೆಗೆ ಅಂಟಿಸಿ ಹೋದ.

ಆರನೆಯ ವಾರ ಆಸ್ಪತ್ರೆಯ ಬೆಂಚಿನ ಮೇಲೆ ನರ್ಸಮ್ಮ ಅಕ್ಕನ ಬೆರಳು ಚುಚ್ಚಿದಳು. ಯಂತ್ರದ ಅಂಕಿ ಅವಳಿಗೆ ಕಾಣಲಿಲ್ಲ. ಮಗಳು ಓದಿದಳು: ನೂರ ಅರವತ್ತೆಂಟು. ಓದಿದವಳು ಅಲ್ಲೇ ಅತ್ತುಬಿಟ್ಟಳು. ಅಕ್ಕ ಅಳಲಿಲ್ಲ. "ಅಳೋದು ಆಮೇಲೆ, ಮೊದಲು ಚೀಟಿ ಬರೆಸು," ಎಂದಳು.

ಬಲಗಣ್ಣಿನ ಆಪರೇಷನ್ ಆಗಿ, ಒಲೆಯ ಮುಂದೆ ನಿಲ್ಲಬಹುದು ಎಂದು ಡಾಕ್ಟರು ಹೇಳಿದ ಮೇಲೆ ಒಂದು ಬೆಳಗ್ಗೆ ಅವಳು ತನ್ನ ಕೋಣೆಗೆ ಬಂದಳು. ಒಲೆಗಳು ಇದ್ದಲ್ಲೇ ಇದ್ದವು, ಮೆಷಿನ್ ಬಂದಿರಲಿಲ್ಲ. ಮೊದಲ ಕೆಟಲ್ ಕುದಿಯಿತು. ಅಕ್ಕ ಸೌಟು ಎತ್ತಿ ಬೆಳಕಿಗೆ ಹಿಡಿದಳು. ಗೋಡೆಯ ಕಾರ್ಡನ್ನು ಕಿತ್ತು ತಂದು ಪಕ್ಕಕ್ಕೆ ಹಿಡಿದಳು.

ಕೆಸರಲ್ಲ. ಕೆಂಪು ಬೆರೆತ ಹೊಂಬಣ್ಣ. ಇಪ್ಪತ್ತು ವರ್ಷ ದಿನವೂ ನೋಡಿದ್ದ, ಎರಡು ವರ್ಷ ಕಳೆದುಹೋಗಿದ್ದ ಅದೇ ಬಣ್ಣ. ಮೇಸ್ತ್ರಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಸೌಟಿನಲ್ಲಿದ್ದದ್ದು ಮಾತ್ರ ಕಾರ್ಡಿಗಿಂತ ಒಂದು ಚೂರು ಗಾಢವಾಗಿತ್ತು. ಅಕ್ಕ ಕಾಲು ಲೋಟ ಹಾಲು ಸುರಿದು, ಮತ್ತೆ ಸೌಟು ಎತ್ತಿದಳು. ಈಗ ಎರಡೂ ಒಂದೇ. ಆಗ ಅವಳಿಗೆ ಅಳು ಬಂತು. ತಡೆಯಲಿಲ್ಲ, ಸೆರಗನ್ನು ಕಣ್ಣಿನ ಹತ್ತಿರ ಒಯ್ದಳು. ಡಾಕ್ಟರು ಕಣ್ಣು ಉಜ್ಜಬೇಡಿ ಎಂದದ್ದು ನೆನಪಾಗಿ ಕೆನ್ನೆಯನ್ನಷ್ಟೇ ಒರೆಸಿಕೊಂಡಳು.

ಆ ದಿನ ಹತ್ತು ಕೆಟಲ್ ಹೊರಗೆ ಹೋದವು. ಬೋರಲು ಹಾಕಿದ್ದ ಗ್ಲಾಸು ಐದು ಗಂಟೆಯಾದರೂ ಕಿಟಕಿಯ ಕಟ್ಟೆಯ ಮೇಲೆ ಒಣಗಿಕೊಂಡೇ ಇತ್ತು.