ಕೆಂಪು ಪಟ್ಟಿಯ ಗಿರಾಕಿಗಳು

ಕುಷ್ಟಗಿಯಲ್ಲಿ ಬಿ.ಕಾಂ. ಮುಗಿಸಿ ಉಡುಪಿಗೆ ಬಂದ ಹನುಮೇಶ, ಕೆಲಸಕ್ಕೆ ಸೇರಿದ ನಾಲ್ಕನೇ ದಿನವೇ ತನ್ನ ಬುದ್ಧಿವಂತಿಕೆ ತೋರಿಸಿದ. ಅಲೆಕ್ಸ್ ಅವರ ಅಂಗಡಿಯಲ್ಲಿ ಮೀನುಗಾರಿಕೆಯ ಬಲೆ, ಹಗ್ಗ, ತೇಲುಗುಂಡು ಮಾರುತ್ತಿದ್ದರು. ಲೆಕ್ಕದ ಮೇಜಿನ ಮೇಲೆ ಮರದ ಪೆಟ್ಟಿಗೆಯೊಂದಿತ್ತು. ಅದರಲ್ಲಿ ಗಿರಾಕಿಗಳ ಕಾರ್ಡುಗಳು. ನಡುನಡುವೆ ಬಿಳಿ, ಹಳದಿ, ಕೆಂಪು ಪಟ್ಟಿಗಳು. ಕುಂಕುಮದ ಬಣ್ಣ ನೋಡಿದ್ದೇ, ಇವರೆಲ್ಲ ಅಂಗಡಿಯ ಗೌರವಾನ್ವಿತರು ಎಂದು ಅವನು ತಾನೇ ತೀರ್ಮಾನಿಸಿಬಿಟ್ಟ. ಕೆಂಪು ಪಟ್ಟಿಯ ಹಿಂದೆ ಕಾರ್ಡು ಇದ್ದ ಜೋನ್ ಬಂದಾಗ ಧಣಿಯ ಕುರ್ಚಿಯಲ್ಲೇ ಕೂರಿಸಿ, ಚಹಾ, ಗೋಳಿಬಜೆ ತರಿಸಿ, "ನಿಮ್ಮಂಥೋರಿಂದಾನ ಅಂಗಡಿ ನಡೀತೈತ್ರಿ" ಎಂದ. ಎರಡು ತಿಂಗಳಿಂದ ಅಂಗಡಿಯ ಮುಂದೆ ಹಾದುಹೋಗಲೂ ಅಂಜುತ್ತಿದ್ದ ಜೋನ್, ಆ ಗತ್ತಿನಲ್ಲೇ ಇನ್ನೆರಡು ಕಟ್ಟು ಹಗ್ಗ ಸಾಲಕ್ಕೆ ಕೇಳಿದ.

ಹಗ್ಗ ಕಟ್ಟಿಕೊಡುವಷ್ಟರಲ್ಲಿ ನಳಿನಾಕ್ಷಿ ಬಂದಳು. ಹನ್ನೊಂದು ವರ್ಷದಿಂದ ಬಾಕಿ ಲೆಕ್ಕ ನೋಡುತ್ತಿದ್ದವಳು ಅವಳೇ. ಕಾಪುವಿನಿಂದ ದಿನಾ ಎಂಟೂವರೆಯ ಬಸ್ಸಿಗೆ ಬರುವವಳು. ಮಾತು ಕಡಿಮೆ, ಕನ್ನಡಕ ಮೂಗಿನ ತುದಿಯಲ್ಲಿ.

"ಎಂತ ಮಾರಾಯ ಇದು? ಕೆಂಪು ಅಂದರೆ ನಾವು ಸಾಲ ಕೊಡುವುದು ನಿಲ್ಲಿಸಿದವರು. ನೀನು ಅವರಿಗೆ ಗೋಳಿಬಜೆ ಕೊಟ್ಟು ಸನ್ಮಾನ ಮಾಡ್ತಾ ಇದ್ದೀ."

ಜೋನ್ ಗೋಳಿಬಜೆ ಮುಗಿಸಿಯೇ ಎದ್ದ. ಹಗ್ಗ ಅಲ್ಲೇ ಉಳಿಯಿತು.

ಆ ಮೇಲೆ ಅವಳು ಪೆಟ್ಟಿಗೆಯ ಒಳಗುಟ್ಟನ್ನು ಹೇಳಿಕೊಟ್ಟಳು. ಬಿಲ್ಲಾದ ಮೇಲೆ ಮೂವತ್ತು ದಿನ ಗಡುವು. ಗಡುವು ದಾಟಿ ಒಂದು ವಾರವಾದರೆ ಬಿಳಿ: "ತಾವು ಮರೆತಿರಬಹುದು" ಎಂಬ ಕಾರ್ಡು. ಒಂದು ತಿಂಗಳಾದರೆ ಹಳದಿ: ಬಿಲ್ಲಿನ ನಕಲು, ಬಾಕಿಯ ಪಟ್ಟಿ, ಯಾವಾಗ ಕೊಡುತ್ತೀರಿ ಎಂಬ ನೇರ ಪ್ರಶ್ನೆ. ಅರುವತ್ತು ದಿನಕ್ಕೆ ಕೆಂಪು: ಅಲೆಕ್ಸರ ಸಹಿಯ ಕಾಗದ, ಹಳೆಯದು ತೀರುವವರೆಗೆ ಸಾಲಕ್ಕೆ ಸಾಮಾನಿಲ್ಲ. ತೊಂಬತ್ತಾದರೆ ವಕೀಲರ ರಿಜಿಸ್ಟರ್ಡ್ ಪತ್ರ, ಸಹಿ ಹಾಕಿಸಿಕೊಂಡು ಕೊಡುವಂಥದ್ದು.

"ಆದರೆ ಕಾರ್ಡು ಮುಂದೆ ಸರಿಸುವ ಮೊದಲು ಮೂರು ನೋಡ್ಬೇಕು," ಎಂದಳು. "ಕೊಟ್ಟ ದುಡ್ಡು ಬಿಲ್ಲಿಗೆ ಸೇರದೆ ಎಲ್ಲಾದ್ರೂ ಬಿದ್ದಿದೆಯಾ. ಬಲೆ ಸರಿ ಇಲ್ಲ ಅಂತ ತಕರಾರು ಹೇಳಿದ್ದಾರಾ. ಇಂಥ ದಿನ ಕೊಡ್ತೇನೆ ಅಂದಿದ್ದಾರಾ. ಅದು ನೋಡದೆ ಪತ್ರ ಹಾಕಿದ್ರೆ ದುಡ್ಡೂ ಬರುವುದಿಲ್ಲ, ಗಿರಾಕಿಯೂ ಬರುವುದಿಲ್ಲ."

ಪ್ರತಿ ಶನಿವಾರ ಮಧ್ಯಾಹ್ನ ಅವಳು ಒಂದೊಂದೇ ಕಾರ್ಡು ಎತ್ತಿ, ಮೂರೂ ನೋಡಿ, ಮುಂದೆ ಸರಿಸುತ್ತಿದ್ದಳು, ಇಲ್ಲವೇ ಇದ್ದಲ್ಲೇ ಬಿಡುತ್ತಿದ್ದಳು. ಹನುಮೇಶನಿಗೆ ಇದೆಲ್ಲ ಅಜ್ಜಿಯರ ಕಾಲದ ಕೆಲಸವೆಂದು ತೋರಿತು. ಆ ವರ್ಷವೇ, ಎರಡು ಸಾವಿರದ ಒಂದರಲ್ಲಿ, ಅಲೆಕ್ಸ್ ಅಂಗಡಿಗೆ ಕಂಪ್ಯೂಟರ್ ತಂದಿದ್ದರು. ಅದು ಗಡುವಿನಿಂದ ದಿನ ಎಣಿಸಿ ಪಟ್ಟಿಯನ್ನು ಒಂದೇ ನಿಮಿಷದಲ್ಲಿ ಕಕ್ಕುತ್ತಿತ್ತು. ಅವನ ಕಾಲೇಜು ಪದವಿಗೆ ಉಡುಪಿಯಲ್ಲಿ ಸಿಕ್ಕ ಮೊದಲ ಒಡನಾಡಿ ಅದೇ.

ಜೂನ್ ಕೊನೆಯ ವಾರ ನಳಿನಾಕ್ಷಿ, ಅತ್ತೆಯ ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಕಾರ್ಕಳಕ್ಕೆ ಹೋದಳು. ಜೂನ್ ಮೂವತ್ತರ ಶನಿವಾರ ಬಂತು. ಹನುಮೇಶ ಗುಂಡಿ ಒತ್ತಿದ. ಕೆಂಪು ಕಾಗದ ಇನ್ನೂ ಹೋಗದೆ ಅರುವತ್ತು ದಾಟಿದವರು ಇಪ್ಪತ್ತಮೂರು ಮಂದಿ. ಕಾಗದಗಳ ಕಟ್ಟು ಮುಂದಿಟ್ಟಾಗ ಅಲೆಕ್ಸ್, ನಳಿನಾಕ್ಷಿ ನೋಡಿಯೇ ಹೋಗಿರಬೇಕೆಂದುಕೊಂಡು ಸಹಿ ಗೀಚಿದರು. ಸಂಜೆಗೆ ಮುನ್ನ ಎಲ್ಲವೂ ಅಂಚೆಗೆ ಬಿದ್ದವು. ಹನುಮೇಶ ಆ ದಿನ ಮಸಾಲೆ ದೋಸೆ ತಿಂದ, ಸ್ವಂತ ಖರ್ಚಿನಲ್ಲಿ, ತನಗೆ ತಾನೇ ಬಹುಮಾನವೆಂಬಂತೆ.

ಗುರುವಾರ ನಳಿನಾಕ್ಷಿ ಮರಳುವ ಹೊತ್ತಿಗೆ ಅಂಗಡಿಯಲ್ಲಿ ಬೋಟಿನವರು ತುಂಬಿದ್ದರು. ಎಲ್ಲರ ಕೈಯಲ್ಲೂ ಒಂದೇ ಕಾಗದ. ಡೆನಿಸ್ ಎಂಬವನು ಅದನ್ನು ಮಡಚಿ ಗಾಳಿ ಬೀಸಿಕೊಳ್ಳುತ್ತಿದ್ದ.

"ನಳಿನಕ್ಕ, ಸಮುದ್ರಕ್ಕೆ ಹೋಗಬಾರದು ಅಂತ ಸರ್ಕಾರ ಬೋಟು ದಡಕ್ಕೆ ಕಟ್ಟಿಸಿದೆ. ಈಗ ಮೀನೆಲ್ಲಿಂದ ತರ್ಲಿ? ನಿಮ್ಮ ಹುಡುಗ ಬೇಕಾದ್ರೆ ಈಜಿಕೊಂಡು ಹೋಗಿ ಹಿಡಿದು ತರಲಿ."

ಹನುಮೇಶನಿಗೆ ಈಜು ಬರುತ್ತಿರಲಿಲ್ಲ. ಅದನ್ನು ಹೇಳಬೇಕಾದ ಸಂದರ್ಭ ಇದಲ್ಲ ಎಂಬಷ್ಟು ಬುದ್ಧಿ ಮಾತ್ರ ಇತ್ತು.

ನಳಿನಾಕ್ಷಿ ಪೆಟ್ಟಿಗೆಯಿಂದ ಒಂದು ಕಾರ್ಡು ತೆಗೆದು ಅವನಿಗೆ ತೋರಿಸಿದಳು. ಮೂಲೆಯಲ್ಲಿ ಪೆನ್ಸಿಲಿನಲ್ಲಿ 'ಮಳೆ' ಎಂದಿತ್ತು. ಜೂನ್ ಹದಿನೈದಕ್ಕೆ ಮಳೆಗಾಲದ ನಿಷೇಧ ಶುರುವಾದ ಮೇಲೆ ಬೋಟಿನವರ ದಿನಗಳನ್ನು ಅವಳು ಎಣಿಸುತ್ತಿರಲಿಲ್ಲ. ಬೋಟು ಮತ್ತೆ ನೀರಿಗಿಳಿದ ದಿನದಿಂದ ಎಣಿಕೆ ಮುಂದುವರಿಯುತ್ತಿತ್ತು. ಇದು ಅಲೆಕ್ಸರ ಅಪ್ಪನ ಕಾಲದ ಮಾತು; ಎಲ್ಲರಿಗೂ ಗೊತ್ತು, ಯಾರೂ ಬರೆದಿಟ್ಟಿರಲಿಲ್ಲ. ಹಾಗಾಗಿ ಕಂಪ್ಯೂಟರಿಗೂ ಗೊತ್ತಿರಲಿಲ್ಲ, ಅದರ ಗೆಳೆಯನಿಗೂ.

"ಹದಿನಾರು ದಿನ ಕಳೆ," ಎಂದಳು. ಇಬ್ಬರೂ ಕೂತು ಕಳೆದರು. ಇಪ್ಪತ್ತೆರಡು ಮಂದಿ ಅರುವತ್ತರ ಒಳಗೆ ಬಂದರು, ಹಳದಿಯಲ್ಲೇ ಉಳಿದರು. ಅವರ ಹೆಸರಿಗೆ ಕಾಗದ ಹಿಂತೆಗೆದ ಪತ್ರಗಳಾದವು. ಅವನ್ನು ಅಂಚೆಗೆ ಹಾಕದೆ ಮನೆಮನೆಗೆ ಮುಟ್ಟಿಸುವ ಕೆಲಸ ಹನುಮೇಶನದೆಂದು ಯಾರೂ ಹೇಳಬೇಕಾಗಲಿಲ್ಲ.

ಉಳಿದದ್ದು ಒಂದು ಕಾರ್ಡು. ಚಂದು, ಕಾಪು. ಬಿಲ್ಲು ಮೂವತ್ತೆಂಟು ಸಾವಿರ, ಗಡುವು ಏಪ್ರಿಲ್ ಹತ್ತು. ಅವನು ಬಾಗಿಲ ಬಳಿಯೇ ನಿಂತಿದ್ದ. ನಳಿನಾಕ್ಷಿಯ ಒಡಹುಟ್ಟಿದ ಅಣ್ಣ.

"ನನ್ನದೂ ಹರಿದು ಹಾಕು ನಳಿನಿ," ಎಂದ ತುಳುವಿನಲ್ಲಿ. ಅಷ್ಟು ತುಳು ಹನುಮೇಶನಿಗೆ ಬಂದಿತ್ತು. "ಆಗಸ್ಟಿಗೆ ಹೊಸ ಬಲೆ ಇಲ್ಲದಿದ್ದರೆ ಬೋಟು ದಡದಲ್ಲೇ. ಏಳು ಜನ ಆಳುಗಳು ಬೇರೆ ಬೋಟಿಗೆ ಹೋಗ್ತಾರೆ."

ಅವಳು ಕಾರ್ಡನ್ನು ಎರಡು ಸಲ ನೋಡಿದಳು. ಕೊಟ್ಟ ದುಡ್ಡು ಎಲ್ಲೂ ಬಿದ್ದಿರಲಿಲ್ಲ. ತಕರಾರು ಇರಲಿಲ್ಲ. ಮಾತು ಕೊಟ್ಟ ದಿನವೂ ಇರಲಿಲ್ಲ. ಹದಿನಾರು ಕಳೆದರೂ ಅರುವತ್ತೈದು.

"ನಿನ್ನದು ಮಳೆಗೆ ಮೊದಲೇ ದಾಟಿದೆ ಅಣ್ಣ. ಆ ಕಾಗದ ಸರಿಯೇ."

"ತಂಗಿ ಅಂತ ಇಷ್ಟು ವರ್ಷ ಇದೇ ಅಂಗಡಿಗೆ ಬಂದೆ."

"ಬಂದದ್ದು ಬಲೆಗೆ. ತಂಗಿಯನ್ನು ನೋಡಲು ಮನೆಗೆ ಬಾ."

ಅಲೆಕ್ಸ್ ಒಳಗಿಂದ ಕೇಳಿಸಿಕೊಂಡರೂ ಹೊರಗೆ ಬರಲಿಲ್ಲ. ಚಂದು ಕಾಗದವನ್ನು ಮೇಜಿನ ಮೇಲಿಟ್ಟು ಹೋದ.

ಹತ್ತು ದಿನ ಅವನ ಸುದ್ದಿಯಿಲ್ಲ. ನಳಿನಾಕ್ಷಿ ಎಂಟೂವರೆಯ ಬಸ್ಸಿಗೇ ಬಂದಳು, ಹೋದಳು. ಬುತ್ತಿಯನ್ನು ಮಾತ್ರ ಅರ್ಧ ತಿಂದು ಮುಚ್ಚುತ್ತಿದ್ದಳು. ಹನ್ನೊಂದನೇ ದಿನ ಚಂದು ಇಪ್ಪತ್ತು ಸಾವಿರ ತಂದ. ಉಳಿದದ್ದಕ್ಕೆ ಆಗಸ್ಟ್ ಕೊನೆಯ ತಾರೀಕು ಹಾಕಿದ ಚೆಕ್ಕು. ಪೂರ್ತಿ ತೀರದೆ ಸಾಲ ಬಿಡುವ ಅಧಿಕಾರ ಅವಳಿಗಿರಲಿಲ್ಲ. ಅಲೆಕ್ಸರನ್ನೇ ಕೇಳಿ ಅರ್ಧ ಬಲೆಗೆ ಮಾತ್ರ ಒಪ್ಪಿಗೆ ಪಡೆದಳು. ಉಳಿದರ್ಧ ಹಳೆಯದನ್ನೇ ಹೊಲಿದುಕೊಳ್ಳುವುದೆಂದಾಯಿತು. ನಳಿನಾಕ್ಷಿ ಇಪ್ಪತ್ತು ಸಾವಿರಕ್ಕೆ ರಶೀದಿ ಬರೆದು, ಅದನ್ನು ಅದೇ ಬಿಲ್ಲಿಗೆ ಜಮಾ ಮಾಡಿ, ಚೆಕ್ಕಿನ ತಾರೀಕನ್ನು ಕಾರ್ಡಿನಲ್ಲಿ ಗುರುತು ಹಾಕಿಕೊಂಡಳು. ಅಣ್ಣತಂಗಿಯ ನಡುವೆ "ಹದಿನೆಂಟು ಸಾವಿರ ಬಾಕಿ", "ಗೊತ್ತುಂಟು" ಎಂಬೆರಡು ಮಾತು ಬಿಟ್ಟರೆ ಬೇರೇನೂ ನಡೆಯಲಿಲ್ಲ.

ಅವನು ಹೋದ ಮೇಲೆ ಹನುಮೇಶ ಆ ಕಾರ್ಡನ್ನು ತಿರುವಿ ನೋಡಿದ. ಗಡುವು ದಾಟಿ ಅರುವತ್ತಾದದ್ದು ಜೂನ್ ಒಂಬತ್ತಕ್ಕೆ. ಅಂದು ಶನಿವಾರ. ನಳಿನಾಕ್ಷಿ ಅಂಗಡಿಯಲ್ಲೇ ಇದ್ದಳು, ಪೆಟ್ಟಿಗೆಯ ಮುಂದೆಯೇ ಕೂತಿದ್ದಳು. ಪಕ್ಕದಲ್ಲಿ ಅಂಚೆಚೀಟಿ ಅಂಟಿಸುತ್ತಿದ್ದವನು ಅವನೇ. ಆದರೂ ಕಾರ್ಡು ಹಳದಿಯಲ್ಲೇ ಉಳಿದಿತ್ತು. ಕೇಳಬಾರದೆಂದು ಎರಡು ದಿನ ತಡೆದುಕೊಂಡ. ಮೂರನೇ ದಿನ ಬಾಯಿ ಮಾತು ಕೇಳಲಿಲ್ಲ.

"ಅಕ್ಕಾರ, ಜೂನ್ ಒಂಬತ್ತಕ್ಕ ಚಂದಣ್ಣಾರ ಕಾರ್ಡು ಯಾಕ ಸರಿಸಲಿಲ್ಲ? ಮರ್ತಿದ್ರೇನ್ರಿ?"

ನಳಿನಾಕ್ಷಿ ಬರೆಯುವುದನ್ನು ನಿಲ್ಲಿಸಲಿಲ್ಲ.

"ಮರೆಯಲಿಲ್ಲ. ಅಣ್ಣ ಅಂತ ಬಿಟ್ಟೆ. ನೀನು ತಪ್ಪಿ ಕಳಿಸದಿದ್ದರೆ ಈಗಲೂ ಕಳಿಸ್ತಿರಲಿಲ್ಲ."