ಲಾಖೋಳಿ ಬೇಳೆಯ ಬಗ್ಗೆ ನಾನು ಬರೆದ ಕಾಗದ

ನಾಗಪುರದ ಧರಮಪೇಠದಲ್ಲಿ ನನ್ನ ದವಾಖಾನೆ. ಬುಧವಾರ ಮಾತ್ರ ಕನ್ಹಾನ್ ನದಿಯಾಚೆಯ ಒಂದು ಹಳ್ಳಿಗೆ ಹೋಗಿ, ಶಾಲೆಯ ಕೋಣೆಯಲ್ಲಿ ಕೂತು ರೋಗಿಗಳನ್ನು ನೋಡುತ್ತೇನೆ. ಅಲ್ಲಿಯ ಮಾತೆಲ್ಲ ಮರಾಠಿಯಲ್ಲೇ. ನೆನಪಿಗೆ ಬರುವಾಗ ಮಾತ್ರ ಅದು ನಮ್ಮ ಮನೆಯ ಕನ್ನಡದಲ್ಲಿ ಬರುತ್ತದೆ. ಹಾಗೇ ಬರೆಯುತ್ತೇನೆ.

ಒಂದು ಬೇಸಿಗೆಯಲ್ಲಿ ಮೂವತ್ತರ ಆಸುಪಾಸಿನ ರೈತನೊಬ್ಬ ಮೀನಖಂಡ ಹಿಡಿದುಕೊಳ್ಳುತ್ತದೆ ಎಂದು ಬಂದಿದ್ದ. ಬಿಸಿಲಲ್ಲಿ ದುಡಿಯುವ ಮನುಷ್ಯ, ನೀರು ಕಡಿಮೆ ಕುಡಿದಿರಬೇಕು ಎಂದುಕೊಂಡೆ. ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟೆ. ಹೊರಗೆ ಸಾಲು ಉದ್ದವಿತ್ತು.

ಒಂದು ತಿಂಗಳ ನಂತರ ಹೆಂಡತಿಯ ಹೆಗಲು ಹಿಡಿದು ಬಂದ. ಮಂಡಿ ಮಡಿಚುತ್ತಿರಲಿಲ್ಲ. ತುದಿಗಾಲಲ್ಲಿ, ಒಂದು ಕಾಲು ಇನ್ನೊಂದಕ್ಕೆ ತೊಡರಿಕೊಳ್ಳುವಂತೆ ನಡೆಯುತ್ತಿದ್ದ. ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಕಾಲು ಅತಿಯಾಗಿ ಚಿಮ್ಮಿತು. ಸೂಜಿ ಚುಚ್ಚಿದರೆ ನೋವು ಸರಿಯಾಗಿ ಗೊತ್ತಾಗುತ್ತಿತ್ತು. ಕೈಗಳು ಚೆನ್ನಾಗಿದ್ದವು. ಆಗ ಕೇಳಿದೆ, ಮೊದಲೇ ಕೇಳಬೇಕಾಗಿದ್ದ ಮಾತನ್ನು: "ಮನ್ಯಾಗ ಏನ್ ಊಟ ಮಾಡ್ತೀರಿ?"

"ಲಾಖೋಳಿ," ಎಂದಳು ಹೆಂಡತಿ. ತೊಗರಿಯಂತೆ ಕಾಣುವ ಖೇಸರಿ ಬೇಳೆಗೆ ಆ ಕಡೆಯ ಹೆಸರು. ನೆರೆಯಲ್ಲಿ ಅವರ ಭತ್ತ ಕೊಳೆತಿತ್ತು. ಕೆಸರಿನಲ್ಲಿ ಎರಚಿದ ಲಾಖೋಳಿ ಮಾತ್ರ ಹುಲುಸಾಗಿ ಬಂದಿತ್ತು. ಅಣ್ಣನಿಂದ ಭಾಗವಾದ ಮೇಲೆ ಇವರ ಹೆಸರಿನ ರೇಷನ್ ಕಾರ್ಡ್ ಇನ್ನೂ ಬಂದಿರಲಿಲ್ಲ. ಮೂರು ತಿಂಗಳಿಂದ ಅದರದೇ ಹಿಟ್ಟಿನ ರೊಟ್ಟಿ, ಅದರದೇ ಬೇಳೆ.

ನಾಗಪುರದ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಬೆನ್ನುಹುರಿಯ ಸ್ಕ್ಯಾನ್, ರಕ್ತ ಎಲ್ಲ ನೋಡಿ, ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಂಡು, ಅಲ್ಲಿಯವರೂ ಇದು ಲಾಖೋಳಿಯಿಂದಲೇ ಎಂದರು. ಬಿಗಿತ ಸಡಿಲಿಸುವ ಮಾತ್ರೆ ಉಂಟು, ವ್ಯಾಯಾಮ ಉಂಟು. ಹೋದ ಶಕ್ತಿಯನ್ನು ಮರಳಿ ತರುವ ಮದ್ದಿಲ್ಲ. ಆ ವರದಿ ಓದಿ ಮಡಿಚಿಟ್ಟು ಊಟಕ್ಕೆ ಕೂತೆ. ಅಮ್ಮ, "ಉಪ್ಪು ಕಡಿಮಿ ಆಗೇತೇನು?" ಎಂದು ಕೇಳಿದಳು. ನನಗೆ ಗೊತ್ತಾಗಲಿಲ್ಲ.

ಆ ಹಳ್ಳಿಯ ಮನೆಮನೆಗೆ ಹಂಚಲು ಒಂದು ಕಾಗದ ಬರೆದೆ. ಮುಂದಿನ ಬುಧವಾರ ಅದನ್ನು ಮೊದಲು ಆ ಗಂಡಹೆಂಡಿರಿಗೇ ಓದಿ ಹೇಳಿದೆ:

"ಲಾಖೋಳಿಯಲ್ಲಿ ನರಕ್ಕೆ ಕೇಡು ಮಾಡುವ ಅಂಶವಿದೆ. ಬೇರೆ ಕಾಳುಕಡಿಯ ಜೊತೆ ಎಂದಾದರೊಮ್ಮೆ ಸ್ವಲ್ಪ ತಿಂದವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ತಿಂಗಳುಗಟ್ಟಲೆ ಅದೇ ಮುಖ್ಯ ಊಟವಾದರೆ, ಮಿದುಳಿನಿಂದ ಕಾಲಿಗೆ ಅಪ್ಪಣೆ ಒಯ್ಯುವ ನರಗಳು ಕೆಡಬಹುದು. ಮೊದಲು ಮೀನಖಂಡ ಹಿಡಿಯುತ್ತದೆ, ಕಾಲು ಭಾರವಾಗುತ್ತದೆ, ಆಮೇಲೆ ಸೆಟೆದುಕೊಳ್ಳುತ್ತದೆ. ಆಗಲೇ ತಿನ್ನುವುದನ್ನು ನಿಲ್ಲಿಸಿ. ಹೆಚ್ಚು ನೀರಿನಲ್ಲಿ ನೆನೆಸಿ, ಕುದಿಸಿ, ಆ ನೀರು ಚೆಲ್ಲಿದರೆ ವಿಷ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಕೆಟ್ಟ ಕಾಲು ಮೊದಲಿನಂತಾಗುವುದಿಲ್ಲ."

ಗಂಡ ನೆಲ ನೋಡುತ್ತಿದ್ದ. ಹೆಂಡತಿ ಕೇಳಿದಳು: "ಹೊಲದಾಗ ದುಡಿಯೋರು ಅವರು ಅಂತ ನಾಲ್ಕು ರೊಟ್ಟಿ ಅವರಿಗೆ ಹಾಕಿ, ನಾ ಒಂದು ತಿಂತಿದ್ದೆ. ಅದಕ್ಕ ನನಗ ಏನೂ ಆಗಿಲ್ಲೇನು?"

"ಹೆಚ್ಚು ತಿಂದವರಿಗೆ ಅಪಾಯ ಹೆಚ್ಚು," ಎಂದೆ.

ಅವಳು ಅಳಲಿಲ್ಲ. "ಹಂಗಾರ ನನ್ನ ಕೈಯಿಂದನ ಆತು."

"ಇದ್ದದ್ದನ್ನ ಬಡಿಸೀರಿ. ನಿಮಗ ಹೇಳಿದವರು ಯಾರೂ ಇರಲಿಲ್ಲ."

"ಅದನ್ನ ಬರೀರಿ, ಡಾಕ್ಟರಬಾಯಿ. ಇದನ್ನ ಓದಿದವರು ನಮ್ಮನ್ನ ದಡ್ಡರು ಅಂತಾರ. ಹೇಳೋರು ಇರಲಿಲ್ಲ ಅಂತ ಬರೀರಿ."

ಆಗ ಗಂಡ ತಲೆ ಎತ್ತಿದ. "ನಾ ಮೊದಲ ಒಮ್ಮೆ ನಿಮ್ಮ ಕಡೆ ಬಂದಿದ್ನಲ್ಲ?" ಎಂದ. ದೂರಿನ ದನಿಯೇನಲ್ಲ. ನೆನಪು ಮಾಡಿಕೊಂಡಂತೆ ಹೇಳಿದ.

ಪೆನ್ನು ತೆಗೆದು ಅವರೆದುರೇ ಬರೆದೆ: "ನಿಮ್ಮ ಊರಿನ ಒಂದು ಮನೆಯವರಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ಕಾಲು ಹಿಡಿಯುತ್ತದೆ ಎಂದು ಅವರು ನನ್ನ ಹತ್ತಿರ ಬಂದಿದ್ದರು. ಏನು ತಿನ್ನುತ್ತೀರಿ ಎಂದು ನಾನು ಕೇಳಲಿಲ್ಲ. ಇನ್ನು ಯಾವ ಡಾಕ್ಟರೇ ಆಗಲಿ, ಕೇಳದಿದ್ದರೂ ನೀವೇ ಹೇಳಿ."

ಶಾಲೆಯ ಅಂಗಳದಲ್ಲಿ ಊರು ಸೇರಿದಾಗ ಅದನ್ನು ಓದಿದವಳು ಅವಳೇ. ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ನನ್ನ ತಪ್ಪಿನ ಸಾಲು ಬಂದಾಗ ಕೆಲವರು ನನ್ನತ್ತ ತಿರುಗಿದರು. ಮುದುಕರೊಬ್ಬರು, "ನಮ್ಮಪ್ಪ ಜನ್ಮ ಪೂರ್ತಿ ತಿಂದ, ಏನೂ ಆಗಲಿಲ್ಲ," ಎಂದರು. "ಅನ್ನದ ಜೋಡಿ ತಿಂದಿರಬೇಕ್ರಿ ಕಾಕಾ. ನಮ್ಮನ್ಯಾಗ ಅನ್ನ ಇರಲಿಲ್ಲ," ಎಂದು ಅವಳೇ ಉತ್ತರಿಸಿದಳು.

ಅಂದು ಸಂಜೆ ಇಬ್ಬರು ಬಂದರು. ಒಬ್ಬನದು ಬರೀ ದಣಿವು. ಇನ್ನೊಬ್ಬ ಅವರ ಪಕ್ಕದ ಮನೆಯ ಹುಡುಗ. ಮೀನಖಂಡ ಹಿಡಿಯಲು ಶುರುವಾಗಿ ಎರಡು ವಾರವಾಗಿತ್ತು. ಅವನು ಆ ದಿನವೇ ಲಾಖೋಳಿ ಬಿಟ್ಟ. ನಡಿಗೆಯಲ್ಲಿ ತುಸು ಬಿಗಿ ಉಳಿಯಿತು, ಹೆಚ್ಚಲಿಲ್ಲ. ಕೋಲಿಲ್ಲದೆ ನಡೆಯುತ್ತಾನೆ.

ಆ ರೈತ ಮಾತ್ರ ಎರಡು ಕೋಲಿನ ಮೇಲೆಯೇ. ಉಳುವ ಕೆಲಸ ಈಗ ಅವಳದು. ರೇಷನ್ ಕಾರ್ಡ್ ಮಳೆಗಾಲದಲ್ಲಿ ಬಂತು. ಅದನ್ನು ತೋರಿಸಲು ಅವಳು ಬುಧವಾರ ಸಾಲಿನಲ್ಲಿ ನಿಂತಿದ್ದಳು. ನೋಡಿ, "ಚಲೋ ಆತು," ಎಂದೆ. ಅವಳೂ "ಹೂಂ" ಎಂದು ಹೊಲಕ್ಕೆ ಹೋದಳು.